ಹೀರಿಕೊಳ್ಳೋದು ಕಮ್ಮಿ ಅಂತ ಕ್ರಿಯೇಟಿನ್ ಡಬಲ್ ಮಾಡಬೇಡಿ

ತೂಕ ಇಳಿಸುವ ಸರ್ಜರಿ ಮಾಡಿಸಿಕೊಂಡವರ ಊಟದ ವಿಚಾರ ನೋಡಿಕೊಳ್ಳೋದು ನನ್ನ ಕೆಲಸ. ಇತ್ತೀಚೆಗೆ ಜಿಮ್‌ಗಳಲ್ಲಿ ಇವರಿಗೆ ಒಂದೇ ಸಲಹೆ ಸಿಗ್ತಿದೆ. "ನಿಮಗೆ ಆಪರೇಶನ್ ಆಗಿದೆ, ಮೈಗೆ ಹತ್ತೋದು ಕಮ್ಮಿ, ಅದಕ್ಕೇ ಕ್ರಿಯೇಟಿನ್ ಜಾಸ್ತಿ ತಗೊಳ್ಳಿ." ಕ್ರಿಯೇಟಿನ್ ಅಂದರೆ ಸ್ನಾಯುವಿಗೆ ಬಲ ಬರಲಿ ಅಂತ ನೀರಿಗೆ ಕಲಸಿ ಕುಡಿಯುವ ಪುಡಿ. ಸಲಹೆ ಕೇಳೋಕೆ ಸರಿ ಅನಿಸುತ್ತೆ. ಆದರೆ ಲೆಕ್ಕ ಪೂರ್ತಿ ತಪ್ಪು.

ಹೊಟ್ಟೆಯಲ್ಲಿ ಸಣ್ಣ ಚೀಲ ಮಾಡಿ ಅದನ್ನು ನೇರ ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುವ ಸರ್ಜರಿಯೇ ಬೈಪಾಸ್. ಅದಾದ ಮೇಲೆ ಬಿ12 ಕಮ್ಮಿಯಾಗೋದು ಯಾಕೆ? ಅದನ್ನು ಹೀರಿಕೊಳ್ಳೋಕೆ ಹೊಟ್ಟೆಯ ಆಸಿಡ್ ಬೇಕು, ಹೊಟ್ಟೆಯ ಗೋಡೆ ತಯಾರಿಸುವ ಒಂದು ಪ್ರೋಟೀನ್ ಬೇಕು. ಆಹಾರ ಹೊಟ್ಟೆಯ ಬಹುಭಾಗವನ್ನು ಬಿಟ್ಟು ಹೋಗುವಾಗ ಎರಡೂ ಸಾಕಾಗಲ್ಲ. ಕಬ್ಬಿಣ ಹೆಚ್ಚಾಗಿ ಹೀರೋದು ಸಣ್ಣ ಕರುಳಿನ ಮೊದಲ ತುಂಡಿನಲ್ಲಿ, ಆ ತುಂಡನ್ನೇ ಬೈಪಾಸ್‌ನಲ್ಲಿ ದಾಟಿಸಿಬಿಟ್ಟಿರುತ್ತಾರೆ. ಕ್ರಿಯೇಟಿನ್ ಹಾಗಲ್ಲ. ಅದು ಜೀರ್ಣವಾಗಬೇಕಿಲ್ಲ. ಆಸಿಡ್ ಬೇಡ, ಪಿತ್ತ ಬೇಡ, ಮೇದೋಜೀರಕದ ರಸವೂ ಬೇಡ. ನೀರಿನಲ್ಲಿ ಕರಗಿ ಸಣ್ಣ ಕರುಳಿಗೆ ಬಂದರೆ, ಅಲ್ಲಿನ ಗೋಡೆಯಲ್ಲಿರುವ ಅದರದೇ ಸಾಗಣೆದಾರ ಸೋಡಿಯಂ ಜೊತೆಗೆ ಅದನ್ನು ಒಳಗೆ ಎಳೆದುಕೊಳ್ಳುತ್ತೆ. ಬೈಪಾಸ್ ಆದವರಲ್ಲೂ ಈ ಕೆಲಸಕ್ಕೆ ಕರುಳು ಸಾಕಷ್ಟು ಉಳಿದಿರುತ್ತೆ. ಹೊಟ್ಟೆಯ ಭಾಗವನ್ನಷ್ಟೇ ಕತ್ತರಿಸಿ ತೆಗೆಯುವ ಸ್ಲೀವ್ ಸರ್ಜರಿ ಆದವರಲ್ಲಂತೂ ಕರುಳನ್ನು ಮುಟ್ಟಿಯೇ ಇರಲ್ಲ.

ಹಾಗಾದರೆ ತೊಂದರೆ ಎಲ್ಲಿದೆ? ನೀರಿನಲ್ಲಿದೆ. ಮಾಮೂಲಿ ತಣ್ಣಗಿನ ಒಂದು ಲೀಟರ್ ನೀರಿನಲ್ಲಿ ಕ್ರಿಯೇಟಿನ್ ಮೊನೊಹೈಡ್ರೇಟ್ ಕರಗೋದು ಸುಮಾರು 14 ಗ್ರಾಂ ಮಾತ್ರ. ಅಂದರೆ ಡಬ್ಬದ ಒಂದು ಸ್ಕೂಪ್, 5 ಗ್ರಾಂ, ಪೂರ್ತಿ ಕರಗೋಕೆ 350 ಎಂಎಲ್ ನೀರು ಬೇಕು. ಬೈಪಾಸ್ ಆದವರ ಹೊಟ್ಟೆಯ ಚೀಲ ಮೊದಮೊದಲು 30 ಎಂಎಲ್ ಹಿಡಿದರೆ ಹೆಚ್ಚು. ಅವರು ಗುಟುಕು ಗುಟುಕಾಗಿ ಕುಡಿಯೋರು. ಸಹಜವಾಗಿ ಸ್ಕೂಪನ್ನು ಅರ್ಧ ಲೋಟ ನೀರಿಗೆ ಹಾಕಿ, ಕಲಕಿ, ತಳದ ಬಿಳಿ ಪುಡಿಯನ್ನೂ ಬಾಯಿಗೆ ಸುರಿದುಕೊಳ್ಳುತ್ತಾರೆ. ಕರಗದ ಪುಡಿ ಹೆಚ್ಚು ತಡೆಯಿಲ್ಲದೆ ಕರುಳಿಗೆ ಇಳಿಯುತ್ತೆ. ಅಲ್ಲಿ ಕರಗೋಕೆ ಮೈಯ ನೀರನ್ನೇ ಕರುಳಿನೊಳಗೆ ಎಳೆದುಕೊಳ್ಳುತ್ತೆ. ಹೀರದೆ ಉಳಿದದ್ದು ದೊಡ್ಡ ಕರುಳಿಗೆ ಹೋಗಿ ಭೇದಿ ಮಾಡಿಸುತ್ತೆ. ಯಾವ ಸರ್ಜರಿಯೂ ಆಗದ ಫುಟ್‌ಬಾಲ್ ಆಟಗಾರರಲ್ಲೇ ಒಂದೇ ಸಲ 10 ಗ್ರಾಂ ತಗೊಂಡವರಿಗೆ, ಅದನ್ನೇ 5 ಮತ್ತು 5 ಆಗಿ ತಗೊಂಡವರಿಗಿಂತ ಭೇದಿ ಜಾಸ್ತಿ ಆಗಿದ್ದು ದಾಖಲಾಗಿದೆ.

ನನ್ನ ಹತ್ತಿರ ಬಂದಿದ್ದ ಒಬ್ಬ ಅಕ್ಕನ ವಿಷಯ ಹೇಳ್ತೀನಿ. ನಲವತ್ತೆರಡು ವಯಸ್ಸು, ಸಸ್ಯಾಹಾರಿ, ಬೈಪಾಸ್ ಆಗಿ ಒಂದು ವರ್ಷ ದಾಟಿತ್ತು. ತೂಕ ಚೆನ್ನಾಗಿ ಇಳಿದಿತ್ತು, ಆದರೆ ತೋಳು ತೊಡೆ ಸೊರಗಿತ್ತು. "ಮೇಡಂ, ಕುರ್ಚಿಯಿಂದ ಕೈ ಊರದೆ ಏಳೋಕಾಗಲ್ಲ" ಅಂದರು. ಜಿಮ್‌ನವರು ಲೋಡಿಂಗ್ ಅಂತ, ಅಂದರೆ ಸ್ನಾಯು ಬೇಗ ತುಂಬಲಿ ಅಂತ ಮೊದಲ ದಿನಗಳಲ್ಲಿ ಹೆಚ್ಚು ಕೊಡುವ ಲೆಕ್ಕದಲ್ಲಿ, ದಿನಕ್ಕೆ 20 ಗ್ರಾಂ ಹೇಳಿದ್ದರು. ಬೆಳಗ್ಗೆ ಒಂದು ಸ್ಕೂಪ್ ಹಣ್ಣಿನ ಜ್ಯೂಸ್‌ನಲ್ಲಿ, ಉಳಿದ ಮೂರು ನೀರಿನಲ್ಲಿ. ಎರಡು ರೀತಿಯ ಕಷ್ಟ ಆಗ್ತಿತ್ತು. ಬೆಳಗ್ಗೆ ಜ್ಯೂಸ್ ಕುಡಿದ ಕಾಲು ಗಂಟೆಗೆ ಬೆವರು, ಎದೆ ಡವಡವ, ತಲೆ ಸುತ್ತು. ಮಧ್ಯಾಹ್ನ ಬೆವರೇನೂ ಇಲ್ಲ, ಆದರೆ ಒಂದೆರಡು ಗಂಟೆ ಬಿಟ್ಟು ಹೊಟ್ಟೆ ಗುಡುಗುಡು, ನೀರಿನ ಹಾಗೆ ಭೇದಿ. ಬೆಳಗಿನದು ಡಂಪಿಂಗ್, ಅಂದರೆ ಸಿಹಿ ಒಮ್ಮೆಲೇ ಕರುಳಿಗೆ ಸುರಿದು ಆಗುವ ಕಷ್ಟ. ಅದಕ್ಕೆ ಕಾರಣ ಜ್ಯೂಸ್‌ನ ಸಕ್ಕರೆ, ಕ್ರಿಯೇಟಿನ್ ಅಲ್ಲ. ಮಧ್ಯಾಹ್ನದ್ದು ಕರಗದ ಪುಡಿಯ ಕೆಲಸ. ಎರಡನ್ನೂ ಒಟ್ಟಿಗೆ ಸೇರಿಸಿ "ನಂಗೆ ಕ್ರಿಯೇಟಿನ್ ಆಗಲ್ಲ" ಅಂತ ತೀರ್ಮಾನ ಮಾಡಿದ್ದರು.

ಒಂದು ವಾರ ಪೂರ್ತಿ ನಿಲ್ಲಿಸಿದೆವು. ಹೊಟ್ಟೆ ಸುಧಾರಿಸಿದ ಮೇಲೆ ಸ್ಕೂಪ್ ಪಕ್ಕಕ್ಕಿಟ್ಟು ಸಣ್ಣ ತೂಕದ ಯಂತ್ರ ತರಿಸಿದೆವು. ಮೊದಲ ವಾರ ದಿನಕ್ಕೆ 1 ಗ್ರಾಂ, 150 ಎಂಎಲ್ ಬಿಸಿ ನೀರಿನಲ್ಲಿ. ಬಿಸಿಯಲ್ಲಿ ಬೇಗ ಕರಗುತ್ತೆ. ಲೋಟವನ್ನು ಬೆಳಕಿಗೆ ಹಿಡಿದು ನೋಡಿದರೆ ತಳದಲ್ಲಿ ಒಂದು ಕಣವೂ ಕಾಣಬಾರದು. ಊಟ ಆಗಿ ಅರ್ಧ ಗಂಟೆ ಬಿಟ್ಟು, ಇಪ್ಪತ್ತು ನಿಮಿಷ ಗುಟುಕರಿಸಬೇಕು. ಎರಡನೇ ವಾರ ಬೆಳಗ್ಗೆ 1, ಸಂಜೆ 1. ಮೂರನೇ ವಾರದಿಂದ ಒಂದೂವರೆ, ಒಂದೂವರೆ. ಅಷ್ಟಕ್ಕೇ ನಿಲ್ಲಿಸಿದೆವು. ನೀರು ಬೇಜಾರಾದ ದಿನ ತಿಳಿಸಾರಿಗೆ ಹಾಕಿಕೊಂಡು ಕುಡಿದರು. ಕಲಸಿದ ಕೂಡಲೇ ಕುಡಿಯೋದಾದರೆ ಬಿಸಿ, ಹುಳಿ ಎರಡರಿಂದಲೂ ನಷ್ಟ ಇಲ್ಲ ಅನ್ನುವಷ್ಟು ಕಮ್ಮಿ. ಭೇದಿ ಮತ್ತೆ ಬರಲಿಲ್ಲ.

ದಿನಕ್ಕೆ 3 ಗ್ರಾಂ ಸಾಕಾ ಅಂತ ಕೇಳ್ತೀರಿ. ಸಾಕು. 3 ಗ್ರಾಂನಂತೆ ಸುಮಾರು ನಾಲ್ಕು ವಾರ ತಗೊಂಡರೆ, ಲೋಡಿಂಗ್ ಮಾಡಿದವರ ಸ್ನಾಯು ತುಂಬುವಷ್ಟೇ ಇವರದ್ದೂ ತುಂಬುತ್ತೆ. ಲೋಡಿಂಗ್‌ನಿಂದ ಸಿಗೋದು ಬರೀ ಮೂರು ವಾರದ ಅವಸರ. ಅದರ ಮೇಲೆ, ಕ್ರಿಯೇಟಿನ್ ಸಿಗೋದು ಮಾಂಸ ಮೀನಿನಲ್ಲಿ. ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಮೊದಲೇ ಕಮ್ಮಿ ಇರುತ್ತೆ, ಹಾಗಾಗಿ ಅವರಿಗೆ ಪರಿಣಾಮ ಚೆನ್ನಾಗಿ ಕಾಣುತ್ತೆ. ಮೊದಲ ತಿಂಗಳು ತಕ್ಕಡಿಯಲ್ಲಿ ಒಂದು ಕೆಜಿ ಏರಬಹುದು. ಅದು ಸ್ನಾಯುವಿನೊಳಗೆ ಸೇರಿದ ನೀರು, ಕೊಬ್ಬಲ್ಲ. ಮೈಗೆ ಹತ್ತುತ್ತಿದೆ ಅನ್ನೋದಕ್ಕೆ ಅದೂ ಒಂದು ಗುರುತು. ಕಷ್ಟಪಟ್ಟು ತೂಕ ಇಳಿಸಿದವರಿಗೆ ಈ ಮಾತನ್ನು ಮೊದಲೇ ಹೇಳದಿದ್ದರೆ ಹೆದರಿ ಬಿಟ್ಟುಬಿಡ್ತಾರೆ.

ಕ್ರಿಯೇಟಿನ್ ಹಾಕಿದ, ಜಗಿದು ತಿನ್ನುವ ಗಮ್ಮಿಗಳ ಬಗ್ಗೆ ನನಗೆ ಸಿಟ್ಟೇ ಇದೆ. ಶುಗರ್‌ಫ್ರೀ ಅಂತ ಮಾರುವ ಎಷ್ಟೋ ಗಮ್ಮಿಗಳಲ್ಲಿ ಮಾಲ್ಟಿಟಾಲ್, ಸಾರ್ಬಿಟಾಲ್ ಇರುತ್ತೆ. ಇವೂ ಭೇದಿ ಮಾಡಿಸುವಂಥವೇ. ಬೈಪಾಸ್ ಆದವರಿಗೆ ಇದನ್ನು ಕೊಡಲೇಬಾರದು. ಸಾದಾ ಮೊನೊಹೈಡ್ರೇಟ್ ಪುಡಿ ಸಾಕು.

ಯಾರಿಗೆ ಬೇಡ ಅಂತಲೂ ಹೇಳಬೇಕು. ಗೋಧಿಯ ಅಂಶ ಒಗ್ಗದೆ ಕರುಳು ಹಾಳಾಗುವ ಸೀಲಿಯಾಕ್ ಕಾಯಿಲೆ ಇದ್ದು ಕರುಳಿನ ಒಳಪದರ ಇನ್ನೂ ಮಾಗಿಲ್ಲದವರಿಗೆ ಹೀರುವ ಜಾಗವೇ ಹಾಳಾಗಿರುತ್ತೆ. ಗೋಧಿ ಬಿಟ್ಟು, ಕರುಳು ಚೇತರಿಸಿಕೊಳ್ಳುವವರೆಗೆ ಕಾಯಬೇಕು. ಕರುಳಿನ ದೊಡ್ಡ ಭಾಗವನ್ನೇ ಕತ್ತರಿಸಿ ತೆಗೆಸಿಕೊಂಡವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಸರ್ಜರಿಯಾದ ಮೊದಲ ತಿಂಗಳುಗಳಲ್ಲಿ, ದಿನಕ್ಕೆ ಒಂದೂವರೆ ಲೀಟರ್ ನೀರೇ ಇಳಿಯದವರಿಗೆ ನಾನು ಕೊಡಲ್ಲ. ಮೊದಲು ಪ್ರೋಟೀನ್ 60 ಗ್ರಾಂ ಮುಟ್ಟಲಿ. ಇಂಥ ರೋಗಿಗಳ ಮೇಲೆ ಕ್ರಿಯೇಟಿನ್ ಅಧ್ಯಯನಗಳು ತೀರಾ ಕಮ್ಮಿ ಇರೋದರಿಂದ ನಾನು ಇಷ್ಟು ಬಿಗಿ.

ಕೊನೆಯದು ಕಿಡ್ನಿ ರಿಪೋರ್ಟ್. ಕ್ರಿಯೇಟಿನ್ ಮೈಯಲ್ಲಿ ತಾನಾಗೇ ಕ್ರಿಯೇಟಿನೈನ್ ಆಗಿ ಹೊರಹೋಗುತ್ತೆ, ಹಾಗಾಗಿ ತಗೊಂಡವರ ರಕ್ತದಲ್ಲಿ ಅದು ತುಸು ಏರುತ್ತೆ. ಆ ಅಕ್ಕನದು 0.6 ಇದ್ದದ್ದು 0.8 ಆಯಿತು. ಲ್ಯಾಬ್‌ನವರು ಅದರಿಂದ ಲೆಕ್ಕ ಹಾಕುವ, ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತೆ ಅಂತ ತೋರಿಸುವ ಇಜಿಎಫ್‌ಆರ್ 115ರಿಂದ 94ಕ್ಕೆ ಇಳಿಯಿತು. ಮನೆಯವರಿಗೆ ಗಾಬರಿ. ಇಲ್ಲಿ ಎರಡೂ ಕಡೆ ಮೋಸ ಇದೆ. ಸ್ನಾಯು ಕರಗಿದವರಿಗೆ ಕ್ರಿಯೇಟಿನೈನ್ ಮೊದಲೇ ಕಮ್ಮಿ ಇದ್ದು, ಕಿಡ್ನಿ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತೆ. ಕ್ರಿಯೇಟಿನ್ ತಗೊಂಡಾಗ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತೆ. ಹಾಗಂತ ಏರಿದ್ದೆಲ್ಲ ಪುಡಿಯದೇ ಅಂತ ಸುಮ್ನೆ ಕೂರೋ ಹಾಗೂ ಇಲ್ಲ. ಬೈಪಾಸ್ ಆದವರಿಗೆ ಆಕ್ಸಲೇಟ್ ಕಲ್ಲು, ನೀರು ಕಮ್ಮಿಯಾಗಿ ಕಿಡ್ನಿಗೆ ಪೆಟ್ಟು, ಇವು ನಿಜವಾದ ಅಪಾಯಗಳು. ಅದಕ್ಕೇ ಕಿಡ್ನಿಯನ್ನು ಬೇರೆ ರೀತಿಯಲ್ಲಿ ಅಳೆಯುವ ರಕ್ತದ ಸಿಸ್ಟಾಟಿನ್ ಸಿ ಮತ್ತು ಮೂತ್ರದ ಆಲ್ಬುಮಿನ್ ನೋಡಿಸಿದೆವು. ಸಿಸ್ಟಾಟಿನ್ ಸಿ ಮೇಲೆ ಸ್ನಾಯುವಿನ, ಪುಡಿಯ ಪ್ರಭಾವ ಹೆಚ್ಚಿಲ್ಲ. ಎರಡೂ ಸರಿಯಾಗಿತ್ತು, ಮುಂದುವರಿಸಿದೆವು. ನೀವು ತಗೊಳ್ಳೋದಿದ್ದರೆ ಶುರು ಮಾಡುವ ಮೊದಲೇ ಕ್ರಿಯೇಟಿನೈನ್ ಸೇರಿ ಈ ಮೂರೂ ಪರೀಕ್ಷೆ ಮಾಡಿಸಿ ಇಟ್ಟುಕೊಳ್ಳಿ. ಮುಂದೆ ಯಾವ ವೈದ್ಯರ ಹತ್ತಿರ ಹೋದರೂ ಕ್ರಿಯೇಟಿನ್ ತಗೋತಿದ್ದೀನಿ, ದಿನಕ್ಕೆ ಇಷ್ಟು ಗ್ರಾಂ ಅಂತ ಅವರು ಕೇಳುವ ಮೊದಲೇ ಹೇಳಿ.