ಬಣ್ಣ ಹಾಕದ ಬಟ್ಟೆಯ ಶೂಟ್: ಅಣ್ಣನಿಗೂ ತಂಗಿಗೂ ಒಂದು ಬ್ರೀಫ್

ಕ್ಯಾಮೆರಾ ಹಿಡಿಯುವ ಅಣ್ಣನಿಗೆ, ಬಟ್ಟೆ ತೊಡುವ ತಂಗಿಗೆ,

ಮೂಡ್ ಬೋರ್ಡ್ ಕಳಿಸಿದಾಗ ಇಬ್ಬರೂ ಬೆಂಕಿ ಎಮೋಜಿ ಹಾಕಿದಿರಿ. ಸಂತೋಷ. ಆದರೆ ಅದರಲ್ಲಿರುವುದು ಬೇರೆ ಯಾರದೋ ಬಟ್ಟೆ, ಬೇರೆ ಯಾವುದೋ ಊರಿನ ಬೆಳಕು. ನಮ್ಮದು ಮೈಸೂರು ಕಡೆಯ ತೊಟ್ಟಿ ಮನೆ, ಕೈಮಗ್ಗದ ಬಟ್ಟೆ, ಮಾರ್ಚ್ ತಿಂಗಳ ಬಿಸಿಲು. ಅದಕ್ಕೇ ಈ ಬ್ರೀಫ್. ವಾಟ್ಸಾಪ್‌ನಲ್ಲಿ ಹಾಕಿದರೆ ಗುಡ್ ಮಾರ್ನಿಂಗ್ ಮೆಸೇಜುಗಳ ಕೆಳಗೆ ಹೂತುಹೋಗುತ್ತದೆ, ಹಾಗಾಗಿ ಇಲ್ಲೇ ಬರೆಯುತ್ತಿದ್ದೇನೆ. ಸ್ಟೈಲಿಂಗ್ ಮಾಡುವ ಬೇರೆಯವರೂ ಓದಲಿ. ತಕರಾರು ಇದ್ದರೆ ತೆಗೆಯಲಿ.

ಮೊದಲು ನನ್ನ ತಕರಾರು ಹೇಳಿಬಿಡುತ್ತೇನೆ. ಈಗ ಎಲ್ಲಿ ನೋಡಿದರೂ ಬೀಜ್ ಶೂಟ್, ಅಂದರೆ ಎಲ್ಲವೂ ಮಾಸಲು ಕೆನೆ ಬಣ್ಣ. ಬೀಜ್ ಬಟ್ಟೆ, ಬೀಜ್ ಗೋಡೆ, ಬೀಜ್ ಸೋಫಾ, ಮೇಲಿಂದ ಮೆದುವಾದ ಬೆಳಕು. ನೋಡಿದರೆ ಒಗ್ಗರಣೆ ಇಲ್ಲದ ಉಪ್ಪಿಟ್ಟಿನ ತಟ್ಟೆ ನೋಡಿದ ಹಾಗಿರುತ್ತದೆ. ಬಣ್ಣ ಕಡಿಮೆ ಮಾಡಿದ್ದು ತಪ್ಪಲ್ಲ. ಬಣ್ಣ ಮಾಡುತ್ತಿದ್ದ ಕೆಲಸವನ್ನು ಬೇರೆ ಯಾವುದಕ್ಕೂ ವಹಿಸಲಿಲ್ಲ, ಅಷ್ಟೇ. ಕೆಂಪು ದುಪಟ್ಟಾ ಹಸಿರು ಕುರ್ತಾದ ಮೇಲೆ ಬಿದ್ದರೆ ಯಾವುದು ಎಲ್ಲಿ ಮುಗಿಯಿತು ಅಂತ ಯಾರೂ ಹೇಳಬೇಕಿಲ್ಲ. ಕೆನೆ ಬಣ್ಣದ ಮೇಲೆ ಕೆನೆ ಬಣ್ಣ ಬಿದ್ದಾಗ ಅದನ್ನು ಹೇಳಬೇಕಾದದ್ದು ನೇಯ್ಗೆಯ ಒರಟು ಮತ್ತು ಅಂಚಿನ ನೆರಳು. ನೆರಳು ತೆಗೆದುಬಿಟ್ಟರೆ ಮೂರು ಪದರ ಹಾಕಿದರೂ ಒಂದೇ ಗೌನ್ ಥರ ಕಾಣುತ್ತದೆ.

ನಮ್ಮ ಬಟ್ಟೆಗಳಲ್ಲಿ ಯಾವುದಕ್ಕೂ ಬಣ್ಣ ಹಾಕಿಲ್ಲ. ಕೋರಾ ಹತ್ತಿ, ಅಂದರೆ ಬ್ಲೀಚ್ ಮಾಡದ್ದು. ಹತ್ತಿರದಿಂದ ನೋಡಿದರೆ ಹತ್ತಿಬೀಜದ ಸಿಪ್ಪೆಯ ಚೂರುಗಳು ಸಣ್ಣ ಕಂದು ಚುಕ್ಕೆಗಳಾಗಿ ಕಾಣುತ್ತವೆ. ಆಮೇಲೆ ಗಿಡದಲ್ಲೇ ಕಂದಾಗಿ ಬಿಡುವ ಹತ್ತಿಯ ಬಟ್ಟೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಇಂಥ ತಳಿ ಬೆಳೆಸಿದ್ದಾರೆ, ಗೊತ್ತಲ್ವಾ. ಇದು ಒಗೆದಷ್ಟೂ ಮಾಸುವ ಬದಲು ಗಾಢವಾಗುತ್ತದೆ. ಕೊನೆಗೆ ಕುರಿಯ ಮೈಬಣ್ಣದಲ್ಲೇ ಇರುವ ಕರಿ ಕಂಬಳಿ. ತಿಳಿ, ನಡು, ಗಾಢ: ನಮಗೆ ಬೇಕಾದ ಮೆಟ್ಟಿಲು ಇಷ್ಟೇ.

ಅಣ್ಣಾ, ಈಗ ಬಿಳಿಯ ವಿಷಯ. ಇದಕ್ಕೆ ಜಾಸ್ತಿ ಜಾಗ ಕೊಡುತ್ತೇನೆ, ಯಾಕಂದರೆ ಶೂಟ್ ಕೆಡುವುದು ಸಾಮಾನ್ಯವಾಗಿ ಇಲ್ಲೇ.

ಅಂಗಡಿಯ ಬಿಳಿ ಪಂಚೆ, ಬಿಳಿ ಲೆಗ್ಗಿಂಗ್ಸ್, ಬಿಳಿ ಒಳಶರ್ಟು, ಇವಕ್ಕೆಲ್ಲ ಹೊಳಪು ಕೊಡುವ ರಾಸಾಯನಿಕ ಹಾಕಿರುತ್ತಾರೆ. ಅದು ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿಕೊಂಡು ನೀಲಿ ಬೆಳಕಾಗಿ ವಾಪಸ್ ಕೊಡುತ್ತದೆ. ಅದಕ್ಕೇ ಬಟ್ಟೆ ‘ಬಿಳಿಗಿಂತ ಬಿಳಿ’ ಕಾಣುವುದು. ಮನೆಯಲ್ಲಿ ಎಲ್‌ಇಡಿ ದೀಪದ ಕೆಳಗೆ ಟ್ರಯಲ್ ಮಾಡಿದಾಗ ಇದು ಗೊತ್ತೇ ಆಗುವುದಿಲ್ಲ, ಯಾಕಂದರೆ ಆ ದೀಪಗಳಲ್ಲಿ ನೇರಳಾತೀತ ಕಿರಣ ಇಲ್ಲ ಅನ್ನುವಷ್ಟು ಕಡಿಮೆ. ಅದೇ ಬಟ್ಟೆಯನ್ನು ಹಗಲಿನ ಬೆಳಕಿಗೆ ತಂದು ಕೋರಾ ಪಕ್ಕ ಇಟ್ಟರೆ ಒಂದು ನೀಲಿ ಹೊಡೆಯುತ್ತದೆ, ಇನ್ನೊಂದು ಕೊಳೆಯಾದ ಹಾಗೆ ಕಾಣುತ್ತದೆ. ಪಾಪ, ಕೋರಾದ ತಪ್ಪೇನೂ ಇಲ್ಲ. ಇದನ್ನು ಎಡಿಟಿಂಗ್‌ನಲ್ಲಿ ಸರಿಮಾಡುತ್ತೇನೆ ಅಂತ ಹೊರಟರೆ ಅಂಚು ಅಂಚು ಮಾಸ್ಕ್ ಮಾಡಿಕೊಂಡು ಕೂರಬೇಕು.

ನೋಟು ನೋಡುವ ಯುವಿ ಟಾರ್ಚ್ ಬರುತ್ತದಲ್ಲ, ಅದನ್ನು ತರುತ್ತೇನೆ. ಕತ್ತಲೆ ಕೋಣೆಯಲ್ಲಿ ಪ್ರತಿ ಬಟ್ಟೆಯ ಮೇಲೆ ಹಿಡಿದರೆ ಕೋರಾ ಸುಮ್ಮನಿರುತ್ತದೆ, ಹೊಳಪು ಹಾಕಿದ್ದು ಪಳಪಳ ಅನ್ನುತ್ತದೆ. ಹೊಳೆದದ್ದು ಸೆಟ್‌ನಿಂದ ಹೊರಗೆ. ದಾರ, ಗುಂಡಿ ಪಟ್ಟಿ, ಒಳಗಿನ ಲೈನಿಂಗ್ ಕೂಡ ನೋಡಬೇಕು. ಕೋರಾ ಕುರ್ತಾಕ್ಕೆ ಬಿಳಿ ಪಾಲಿಯೆಸ್ಟರ್ ದಾರದ ಹೊಲಿಗೆ ಹಾಕಿದ್ದರೆ ಬಿಸಿಲಿನಲ್ಲಿ ಗೆರೆ ಎಳೆದ ಹಾಗೆ ಎದ್ದು ಕಾಣುತ್ತದೆ. ತಂಗಿ, ಸ್ಯಾಂಪಲ್ ಬಟ್ಟೆಗಳು ನಿನ್ನ ಹತ್ತಿರ ಇವೆಯಲ್ಲ, ದಯವಿಟ್ಟು ಪೌಡರ್ ಹಾಕಿ ಒಗೆಯಬೇಡ. ಬಟ್ಟೆ ಪೌಡರಿನಲ್ಲೂ ಅದೇ ಹೊಳಪಿನ ವಸ್ತು ಇರುತ್ತದೆ. ಒಗೆಯಲೇಬೇಕು ಅಂದರೆ ಅಂಟುವಾಳದ ನೀರು ಸಾಕು.

ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ ಬೇಡವೇ ಬೇಡ. ಚೌಕಟ್ಟಿನ ತುಂಬ ಕೆನೆ ಬಣ್ಣವೇ ಇದ್ದರೆ ಅದು ಬೆಳಕೇ ಹಳದಿ ಅಂದುಕೊಂಡು ಎಲ್ಲವನ್ನೂ ನೀಲಿಯ ಕಡೆ ತಳ್ಳುತ್ತದೆ. ಮುಂದಿನ ಫೋಟೋದಲ್ಲಿ ಕಂಬಳಿ ಜಾಸ್ತಿ ಬಂದರೆ ಮತ್ತೆ ಮನಸ್ಸು ಬದಲಿಸುತ್ತದೆ. ಹಗಲು ಅಂತ 5500 ಕೆಲ್ವಿನ್‌ಗೆ ಇಟ್ಟರೂ ಆಗಲ್ಲ. ತೊಟ್ಟಿಯ ನೆರಳಿಗೆ ಬರುವುದು ಆಕಾಶದ ಬೆಳಕು, ಅದು ಬಿಸಿಲಿಗಿಂತ ನೀಲಿ. ಜಾಗ ಬದಲಿಸಿದಾಗಲೆಲ್ಲ ತಂಗಿ ಗ್ರೇ ಕಾರ್ಡನ್ನು ಗಲ್ಲದ ಕೆಳಗೆ ಹಿಡಿಯಲಿ, ಒಂದು ಫೋಟೋ ತೆಗೆದು ಅದರಿಂದ ಕಸ್ಟಮ್ ಸೆಟ್ ಮಾಡಿ. ಎಕ್ಸ್‌ಪೋಷರ್ ಕೂಡ ಅದೇ ಕಾರ್ಡಿನಿಂದ, ಮ್ಯಾನ್ಯುಯಲ್‌ನಲ್ಲಿ. ಇಲ್ಲದಿದ್ದರೆ ಮೀಟರ್ ಕೋರಾವನ್ನು ಬೂದು ಮಾಡುತ್ತದೆ, ಕಂಬಳಿಯನ್ನೂ ಬೂದು ಮಾಡುತ್ತದೆ. ಹಿಸ್ಟೋಗ್ರಾಮ್ ನೋಡುವಾಗ ಮೂರು ಬಣ್ಣದ್ದನ್ನೂ ಬೇರೆ ಬೇರೆ ತೆರೆಯಿರಿ. ಕೆನೆ ಬಣ್ಣದಲ್ಲಿ ಮೊದಲು ಮಿತಿ ಮೀರಿ ವಿವರ ಕಳೆದುಕೊಳ್ಳುವುದು ಕೆಂಪು ಚಾನೆಲ್. ಅದು ಹೋದರೆ ನೇಯ್ಗೆ ಹೋಯಿತು, ನಯವಾದ ಹಳದಿ ತೇಪೆ ಉಳಿಯಿತು.

ಬೆಳಕು ಪಕ್ಕದಿಂದಲೇ ಬರಬೇಕು. ತೊಟ್ಟಿಯ ಅಂಚಿನಲ್ಲೇ ನಿಲ್ಲಿಸಿದರೆ ಬೆಳಕು ತಲೆಯ ಮೇಲಿಂದ ಬಿದ್ದು ಕಣ್ಣು ಗುಳಿಯಾಗುತ್ತದೆ. ಕಂಬದಿಂದ ಎರಡು ಹೆಜ್ಜೆ ಪಡಸಾಲೆಯ ಒಳಗೆ ಬಂದರೆ ಅದೇ ಬೆಳಕು ಓರೆಯಾಗಿ ಮೈಯನ್ನು ಸವರಿಕೊಂಡು ಹೋಗುತ್ತದೆ. ತಂಗಿಯ ಭುಜ ತೊಟ್ಟಿಯ ಕಡೆ ಇರಲಿ, ಮುಖ ಪೂರ್ತಿ ತಿರುಗುವುದು ಬೇಡ. ಇನ್ನೊಂದು ಪಕ್ಕಕ್ಕೆ ನಿಮ್ಮ ಕೈ ಅಭ್ಯಾಸಬಲದಿಂದ ಬಿಳಿ ಥರ್ಮಾಕೋಲ್ ಹುಡುಕುತ್ತದೆ, ಗೊತ್ತು. ಕಪ್ಪು ಬೋರ್ಡ್ ಇಡಿ. ಸುಣ್ಣ ಹೊಡೆದ ಗೋಡೆಗಳು ಆಗಲೇ ಬೇಕಾದ್ದಕ್ಕಿಂತ ಜಾಸ್ತಿ ಬೆಳಕು ವಾಪಸ್ ಕೊಡುತ್ತಿರುತ್ತವೆ. ಆ ಸುಣ್ಣಕ್ಕೆ ನೀಲಿ ಬೆರೆಸಿದ್ದರಂತೂ ನೆರಳಿನ ಭಾಗವೆಲ್ಲ ತಣ್ಣಗಾಗುತ್ತದೆ.

ಆ ಮನೆಯ ನಿಜವಾದ ವಿಲನ್ ಅಂದರೆ ಕೆಂಪು ರೆಡ್ ಆಕ್ಸೈಡ್ ನೆಲ. ಅದನ್ನು ನೋಡಿಯೇ ನೀವು ಮನೆ ಒಪ್ಪಿದಿರಿ, ನನಗೂ ಅದು ಪ್ರಾಣ. ಆದರೆ ಹೊಳೆಯುವ ಕೆಂಪು ನೆಲಕ್ಕೆ ಬೆಳಕು ಬಿದ್ದರೆ ಗಲ್ಲದ ಕೆಳಗೆ, ತೋಳಿನ ಅಡಿಗೆ, ಕೋರಾದ ಕೆಳ ಅಂಚಿಗೆ ಗುಲಾಬಿ ಬಣ್ಣ ಹತ್ತುತ್ತದೆ. ಎದೆಯ ಹತ್ತಿರ ಬಟ್ಟೆ ಸರಿಯಾಗಿದ್ದು, ಮೊಣಕಾಲಿನ ಹತ್ತಿರ ಗುಲಾಬಿಯಾಗಿದ್ದರೆ ಅದು ನೆಲದ ಕೆಲಸ. ವೈಟ್ ಬ್ಯಾಲೆನ್ಸ್ ಎಷ್ಟು ತಿರುಗಿಸಿದರೂ ಹೋಗುವುದಿಲ್ಲ, ಕೆಳಗಿನದು ಸರಿಹೋದರೆ ಮೇಲಿನದು ಕೆಡುತ್ತದೆ. ಎರಡು ದೊಡ್ಡ ಬೂದು ಬೆಡ್‌ಶೀಟ್ ತರುತ್ತೇನೆ. ತೊಟ್ಟಿಗೂ ತಂಗಿಗೂ ನಡುವಿನ ನೆಲಕ್ಕೆ, ಚೌಕಟ್ಟಿನಿಂದ ಆಚೆ ಹಾಸೋಣ. ಪಾದದವರೆಗೆ ಕಾಣುವ ಫೋಟೋಗಳಲ್ಲಿ ಹಾಸೋಕೆ ಆಗಲ್ಲ. ಅವುಗಳಲ್ಲಿ ಕೆಂಪು ಬಂದರೆ ಬರಲಿ ಬಿಡಿ. ನೆಲ ಕಣ್ಣಿಗೆ ಕಾಣುತ್ತಿರುತ್ತದೆ, ನೋಡುವವರು ಒಪ್ಪಿಕೊಳ್ಳುತ್ತಾರೆ.

ಈಗ ಪದರಗಳು. ತಂಗಿ, ಇದು ನಿನಗೆ. ಮುಖ್ಯ ಲುಕ್ ಒಂದನ್ನೇ ಬಿಡಿಸಿ ಹೇಳುತ್ತೇನೆ, ಉಳಿದವು ಇದರ ಮಕ್ಕಳೇ.

ಒಳಗೆ ತೆಳು ಕೋರಾದ ಉದ್ದ ಕುರ್ತಾ, ಕಣಕಾಲಿನವರೆಗೆ. ಅದರ ಮೇಲೆ ಕಂದು ಹತ್ತಿಯ ತೋಳಿಲ್ಲದ ಜಾಕೆಟ್, ಮೊಣಕಾಲಿನಿಂದ ಒಂದು ಗೇಣು ಕೆಳಗೆ. ಎಡ ಭುಜದ ಮೇಲೆ ಕಂಬಳಿ. ತೆಳುವಾದದ್ದು ಮೈಗೆ, ದಪ್ಪದ್ದು ಹೊರಗೆ. ಅದಲುಬದಲಾದರೆ ಕಂಕುಳಲ್ಲಿ ಬಟ್ಟೆ ಗಂಟು ಕಟ್ಟುತ್ತದೆ. ಕೋರಾದ ಕಾಲರ್ ಜಾಕೆಟ್‌ನಿಂದ ಎರಡು ಬೆರಳು ಹೊರಗಿರಬೇಕು, ತೋಳು ಮಣಿಕಟ್ಟಿನವರೆಗೆ ಇಳಿದಿರಬೇಕು. ಇದಕ್ಕೆ ಎರಡು ಕಾರಣ. ಕಂಬಳಿಯ ಉಣ್ಣೆ ಬರೀ ಕತ್ತಿಗೆ ತಾಗಿದರೆ ಚುಚ್ಚುತ್ತದೆ, ಹತ್ತು ನಿಮಿಷಕ್ಕೆ ಕೆಂಪು ದದ್ದು. ಎರಡನೆಯದು, ನಿನ್ನ ಮೈಬಣ್ಣಕ್ಕೂ ಆ ಕಂದು ಹತ್ತಿಗೂ ಅಂತರ ಕಡಿಮೆ. ಚರ್ಮ ನೇರವಾಗಿ ಅದಕ್ಕೆ ತಾಗಿದರೆ ತೋಳು ಎಲ್ಲಿ ಶುರುವಾಯಿತು ಅಂತ ಗೊತ್ತಾಗದು. ನಡುವೆ ಕೋರಾದ ತಿಳಿ ಅಂಚು ಇದ್ದರೆ ಮುಖವೂ ಎದ್ದು ಬರುತ್ತದೆ, ಕೈಯೂ. ಹೊರಡುವ ಮುಂಚೆ ಫೋನಿನಲ್ಲಿ ಬ್ಲ್ಯಾಕ್ ಅಂಡ್ ವೈಟ್ ಮಾಡಿ ನೋಡೋಣ. ಎರಡು ಪದರ ಬೆರೆತು ಹೋದ ಜಾಗದಲ್ಲಿ ಮಡಿಕೆ ಹಾಕಬೇಕು ಇಲ್ಲವೇ ಉದ್ದ ಬದಲಿಸಬೇಕು. ಹೊಸ ಬಟ್ಟೆ ಸೇರಿಸುವುದು ಕೊನೆಯ ಉಪಾಯ.

ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕಿರುತ್ತಾರೆ, ಅದಕ್ಕೇ ಅದು ಸೆಟೆದು ನಿಲ್ಲುತ್ತದೆ. ಆ ಬಿಗಿಯೇ ನಮಗೆ ಬೇಕು. ಭುಜದ ಮೇಲೆ ಒಂದೇ ದೊಡ್ಡ ಮಡಿಕೆ, ಶಾಲಿನ ಥರ ನಿರಿಗೆ ಮಾಡಬೇಡ. ಅಸಿಸ್ಟೆಂಟ್ ಹುಡುಗನಿಗೂ ಹೇಳಿರುತ್ತೇನೆ, ಅದಕ್ಕೆ ಸ್ಟೀಮರ್ ತಾಗಿಸಕೂಡದು. ಕರಿ ಉಣ್ಣೆಯ ಎಳೆ ಕೋರಾದ ಮೇಲೆ ಉದುರುತ್ತಲೇ ಇರುತ್ತದೆ. ಪ್ಯಾಕಿಂಗ್ ಟೇಪ್ ಕೈಗೆ ಸುತ್ತಿಕೊಂಡು ನಾನೇ ಪಕ್ಕದಲ್ಲಿ ನಿಂತಿರುತ್ತೇನೆ.

ಪದರ ಜಾಸ್ತಿ ಇರುವ ಲುಕ್ ಬೆಳಗ್ಗೆ ಏಳಕ್ಕೇ ಶುರುವಾಗಬೇಕು, ತಂಪಿರುವಾಗ. ಹೊತ್ತು ಏರಿದ ಹಾಗೆ ಒಂದೊಂದೇ ಕಳಚುತ್ತಾ ಹೋಗೋಣ. ಕೋರಾದ ಮೇಲೆ ಬೆವರಿನ ಕಲೆ ಬಿದ್ದರೆ ಒಣಗಿದ ಮೇಲೂ ಗೆರೆ ಉಳಿಯುತ್ತದೆ, ಕಂಕುಳಿಗೆ ಪ್ಯಾಡ್ ಹಾಕಿಕೋ. ಒಳಉಡುಪು ನಿನ್ನ ಮೈಬಣ್ಣದ್ದೇ ಇರಲಿ, ಬಿಳಿ ಹಾಕಿದರೆ ತೆಳು ಬಟ್ಟೆಯಲ್ಲಿ ಕಾಣುತ್ತದೆ. ಬಟ್ಟೆ ತಲೆಯಿಂದ ಹಾಕುವಾಗ ಮುಖಕ್ಕೆ ತೆಳು ಸ್ಕಾರ್ಫ್ ಮುಚ್ಚಿಕೋ, ಫೌಂಡೇಶನ್ ಕಾಲರಿಗೆ ಹತ್ತಿದರೆ ಆ ದಿನ ಹೋಗಲ್ಲ. ಶಿಮ್ಮರ್ ಬೇಡ. ಬಿಂದಿ ಚಿಕ್ಕದು, ಕಪ್ಪು. ಶೂಟ್‌ಗೆ ಹಿಂದಿನ ವಾರ ಮದುವೆ ಇದೆ ಅಂದಿದ್ದೆಯಲ್ಲ, ಮೆಹೆಂದಿ ಮಾತ್ರ ಹಾಕಿಸಿಕೊಳ್ಳಬೇಡ ಮಾರಾಯ್ತಿ.

ಅಣ್ಣಾ, ಎಡಿಟಿಂಗ್ ಬಗ್ಗೆ ಒಂದೇ ಮಾತು, ಅದರಲ್ಲಿ ರಾಜಿ ಇಲ್ಲ. ‘ಕ್ಲೀನ್’ ಮಾಡುವ ಹೆಸರಿನಲ್ಲಿ ತಂಗಿಯ ಮೈಬಣ್ಣ ತಿಳಿ ಮಾಡಬಾರದು. ಪದರಗಳ ಲೆಕ್ಕವನ್ನೆಲ್ಲ ಅವಳ ಬಣ್ಣ ಇಟ್ಟುಕೊಂಡೇ ಹಾಕಿದ್ದೇನೆ, ಅದನ್ನು ಎರಡು ಮೆಟ್ಟಿಲು ಏರಿಸಿದರೆ ಮುಖ ಹೋಗಿ ಕೋರಾಕ್ಕೆ ಅಂಟಿಕೊಳ್ಳುತ್ತದೆ. ಕೋರಾದ ಕಂದು ಚುಕ್ಕೆಗಳನ್ನೂ ಒರೆಸಬೇಡಿ. ಕೊಳ್ಳುವವರ ಕೈಗೆ ಬರುವ ಬಟ್ಟೆಯಲ್ಲಿ ಅವು ಇರುತ್ತವೆ, ಫೋಟೋದಲ್ಲಿ ಇಲ್ಲದಿದ್ದರೆ ‘ಡ್ಯಾಮೇಜ್’ ಅಂತ ವಾಪಸ್ ಕಳಿಸುತ್ತಾರೆ. ಪ್ಯಾಕೆಟ್ಟಿನ ಮಡಿಕೆ ಗೆರೆ ಬೇರೆ ಮಾತು, ಅದನ್ನು ಸೆಟ್‌ನಲ್ಲೇ ಇಸ್ತ್ರಿ ಹಾಕಿ ತೆಗೆಯುತ್ತೇವೆ. ಕೂತು ಎದ್ದಾಗ ಬಿದ್ದ ಸುಕ್ಕು ಇರಲಿ.

ಹತ್ತೂವರೆ ಹೊತ್ತಿಗೆ ತೊಟ್ಟಿಗೆ ನೇರ ಬಿಸಿಲು ಇಳಿಯುತ್ತದೆ, ಅಲ್ಲಿಗೆ ಒಳಗಿನ ಕೆಲಸ ಬಂದ್. ತಿಂಡಿ ಆಮೇಲೆಯೇ, ಬಟ್ಟೆ ಬದಲಿಸಿಕೊಂಡು. ಇಡ್ಲಿ, ಕಾಯಿ ಚಟ್ನಿ ಹೇಳಿದ್ದೇನೆ. ಸಾಂಬಾರ್ ಬೇಕು ಅನ್ನುವವರು ಹಿತ್ತಿಲಿಗೆ ಹೋಗಿ ತಿಂದು, ಕೈ ತೊಳೆದುಕೊಂಡು ಒಳಗೆ ಬನ್ನಿ.