ಸಂಸಾರ ಸಮೇತ ಬನ್ನಿ

ನನಗೆ ತಮಿಳು ಬರುತ್ತದೆ. ಈ ಒಂದು ನಂಬಿಕೆಯೇ ಎಲ್ಲ ರಗಳೆಗೂ ಮೂಲ.

ಮೂರು ವರ್ಷ ಹೊಸೂರಿನಲ್ಲಿ ಕೆಲಸ ಮಾಡಿದ್ದೆ. ತರಕಾರಿ ಚೌಕಾಸಿ, ಬಸ್ಸಿನ ಸೀಟಿನ ಜಗಳ, ಎಲ್ಲವನ್ನೂ ತಮಿಳಿನಲ್ಲೇ ಮುಗಿಸುತ್ತಿದ್ದೆ. ಅಕ್ಷರವನ್ನೂ ಕಲಿತಿದ್ದೆ. ಹಾಗಾಗಿ ದೊಡ್ಡ ಮಗಳು ಸೇಲಂ ಕಡೆಯ ಹುಡುಗನನ್ನು ಒಪ್ಪಿಕೊಂಡಾಗ, ನಿಶ್ಚಿತಾರ್ಥದ ಸುದ್ದಿಯನ್ನು ಎರಡು ಭಾಷೆಯಲ್ಲೂ ನಾನೇ ಬರೆಯುತ್ತೇನೆ ಎಂದೆ. ಮಗಳು ಒಂದೇ ಷರತ್ತು ಹಾಕಿದಳು. "ಅಪ್ಪಾ, ಒಬ್ಬರಿಗೆ ಜಾಸ್ತಿ ಮರ್ಯಾದೆ, ಇನ್ನೊಬ್ಬರಿಗೆ ಕಮ್ಮಿ ಅಂತ ಯಾರಿಗೂ ಅನ್ನಿಸಬಾರದು."

ಅದೇನು ಮಹಾ? ಕನ್ನಡದಲ್ಲಿ ಬರೆದು, ಪದಕ್ಕೆ ಪದ ತಮಿಳಿಗೆ ಇಳಿಸಿದರೆ ಎರಡೂ ಸಮ ಆಗಲೇಬೇಕಲ್ವಾ?

ದಿನಾಂಕ ಮೊದಲೇ ಗೊತ್ತಾಗಿತ್ತು, 2025ರ ಆಗಸ್ಟ್ 20, ಬುಧವಾರ. ಅದಕ್ಕೇ ಸಾಕಷ್ಟು ಪಾಡು ಪಟ್ಟಿದ್ದೆವು. ನಮಗೆ ಆಷಾಢ ಆಗದು, ಅವರಿಗೆ ಆಡಿ ಆಗದು. ಎರಡೂ ಒಂದೇ ಅಂದುಕೊಂಡಿದ್ದೆ. ನಮ್ಮದು ಚಾಂದ್ರಮಾನ, ಅವರದು ಸೌರಮಾನ. ಆ ವರ್ಷ ನಮ್ಮ ಆಷಾಢ ಭೀಮನ ಅಮಾವಾಸ್ಯೆಗೆ, ಜುಲೈ 24ಕ್ಕೇ ಮುಗಿದರೆ, ಅವರ ಆಡಿ ಆಗಸ್ಟ್ 16ರವರೆಗೂ ಎಳೆಯಿತು. ಇತ್ತ ನಮ್ಮಕ್ಕ ಭಾದ್ರಪದ ಬೇಡವೇ ಬೇಡ ಎಂದಳು. ಉಳಿದದ್ದು ನಡುವಿನ ಒಂದು ವಾರ. ಆ ವಾರದ ಬುಧವಾರ ನಮಗೆ ಶ್ರಾವಣ ಬಹುಳ ದ್ವಾದಶಿ, ಅವರಿಗೆ ಆವಣಿ ನಾಲ್ಕು. ದಿನ ಒಂದೇ, ಹೆಸರು ಎರಡು. ಅಲ್ಲೇ ನನಗೆ ಎಚ್ಚರ ಆಗಬೇಕಿತ್ತು.

ಕನ್ನಡದ್ದು ಹತ್ತು ನಿಮಿಷದಲ್ಲಿ ಆಯಿತು. "ಪ್ರಿಯ ಸಂಬಂಧಿಕರೇ" ಎಂದು ಶುರು ಮಾಡಿ, ಚಿ|| ಸೌ|| ಹಾಕಿ, "ಸಂಸಾರ ಸಮೇತ ಬಂದು ಆಶೀರ್ವದಿಸಿ" ಎಂದು ಮುಗಿಸಿದೆ. ತಮಿಳಿನದಕ್ಕೆ ಎರಡು ಗಂಟೆ ಹಿಡಿಯಿತು. ಹೊಸೂರಿನ ಸಹೋದ್ಯೋಗಿಯ ಹಳೇ ಲಗ್ನಪತ್ರಿಕೆ ಎದುರಿಗಿಟ್ಟುಕೊಂಡು ಹುಡುಗಿಯ ಹೆಸರಿನ ಹಿಂದೆ ಹಾಕುವ ಪದವನ್ನೂ ಎತ್ತಿಕೊಂಡೆ, "ತಿರುನಿರೈಚ್ಚೆಲ್ವಿ". ಸಾಲು ಎಣಿಸಿದೆ. ಎರಡರಲ್ಲೂ ಒಂಬತ್ತೊಂಬತ್ತು. ಹುಡುಗನ ಕಡೆಯವರ ವಾಟ್ಸಾಪ್ ಗುಂಪಿಗೆ ಕಳಿಸಿ, ಕಾಫಿ ಕೇಳಿದೆ.

ಕಾಫಿ ಬರುವ ಮೊದಲೇ ಹುಡುಗನ ಅತ್ತೆಯಿಂದ ಉತ್ತರ ಬಂತು. "ನಾನೂ ಸಂಬಂಧಿಯಾ? ತುಂಬಾ ಸಂತೋಷ. ನನ್ನ ಮಗನಿಗೆ ಯಾವ ಹುಡುಗಿ?"

ಏನೂ ಅರ್ಥವಾಗಲಿಲ್ಲ. ಅಷ್ಟರಲ್ಲಿ ಹುಡುಗನ ಸೋದರಮಾವ ಬರೆದರು. ಐವತ್ತೆಂಟು ವರ್ಷ, ಮದುವೆಯಾಗಿಲ್ಲ. "ನನಗೆ ಸಂಸಾರ ಇಲ್ಲ. ಒಬ್ಬನೇ ಬಂದರೆ ಒಳಗೆ ಬಿಡುತ್ತೀರಾ?"

ಫೋನ್ ಹಿಡಿದುಕೊಂಡು ಮಹಡಿ ಮನೆಯ ಪಾಟಿಯ ಹತ್ತಿರ ಓಡಿದೆ. ತಮಿಳು ಮೇಷ್ಟರಾಗಿ ನಿವೃತ್ತರಾದವರು, ಮೈಸೂರಿಗೆ ಬಂದು ಬಹಳ ವರ್ಷವಾಗಿದೆ. ಕನ್ನಡಕ ಹಾಕಿಕೊಂಡು ಓದಿದರು. ತೆಗೆದು ಒರೆಸಿಕೊಂಡರು. ಮತ್ತೆ ಓದಿದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು.

"ಸಂಬಂಧಿ ಅಂದ್ರೆ ನಮ್ಮಲ್ಲಿ ಬೀಗರು ಮಾತ್ರ. ನೀವು ನಲವತ್ತು ಜನರನ್ನೂ ಬೀಗರು ಮಾಡಿಬಿಟ್ಟಿದ್ದೀರಿ. ನಲವತ್ತು ಹೆಣ್ಣುಮಕ್ಕಳು ಇದಾರಾ ಮನೇಲಿ?"

ಸಂಸಾರದ ವಿಷಯವೂ ಹೀಗೇ. ತಮಿಳಿನವರ ಮಾತಿನಲ್ಲಿ ಸಂಸಾರಂ ಎಂದರೆ ಹೆಂಡತಿ. ನಾನು ಅಜ್ಜಿಯರನ್ನೂ ಕಾಲೇಜು ಹುಡುಗರನ್ನೂ ಸೇರಿಸಿ ಇಡೀ ಗುಂಪಿಗೆ "ಹೆಂಡತಿಯ ಜೊತೆ ಬನ್ನಿ" ಎಂದು ಕರೆದಿದ್ದೆ. ಹೇಳಬೇಕಾದದ್ದು "ಕುಡುಂಬತ್ತುಡನ್". ನಮ್ಮ ಕುಟುಂಬವೇ ಅದು. "ಸಕುಟುಂಬ" ಎಂದು ಕನ್ನಡದಲ್ಲಿ ಮೊದಲೇ ಬರೆದಿದ್ದರೆ ಬಚಾವಾಗುತ್ತಿದ್ದೆ.

"ನಿಮಗೆ ಇನ್ನೊಬ್ಬಳು ಮಗಳಿದಾಳಲ್ಲ?" ಎಂದರು ಪಾಟಿ. ಹೌದು, ಚಿಕ್ಕವಳು, ಓದುತ್ತಿದ್ದಾಳೆ. "ಹಾಗಾದ್ರೆ ನಿರೈಚ್ಚೆಲ್ವಿ ಯಾಕೆ ಹಾಕಿದ್ರಿ? ನಿರೈ ಅಂದ್ರೆ ತುಂಬಿತು, ಮನೇಲಿ ಇನ್ನು ಮದುವೆಗೆ ಯಾರೂ ಇಲ್ಲ ಅಂತ. ಬೆನ್ನಿಗೆ ಇನ್ನೂ ಮಕ್ಕಳಿದ್ದರೆ ತಿರುವಳರ್ಚ್ಚೆಲ್ವಿ ಅಂತ ಹಾಕೋದು ವಾಡಿಕೆ." ಒಂದೇ ಪದದಲ್ಲಿ ಮನೆಯ ಬಾಕಿ ಲೆಕ್ಕ! ನಮ್ಮ ಚಿ|| ಸೌ|| ಇಷ್ಟೊಂದು ಗುಟ್ಟು ಬಿಟ್ಟುಕೊಡುವುದಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. "ಕೊನೇಲಿ ಕಂಡಿಪ್ಪಾ ವಾಂಗ ಅಂತ ಬರೆದಿದ್ದೀರಿ. ಪಕ್ಕದ ಮನೆಗೆ ಟೀಗೆ ಕರೆದ ಹಾಗಿದೆ." ನನಗೆ ಬರುತ್ತಿದ್ದದ್ದು ಬೀದಿಯ ತಮಿಳು. ಬರೆಯುವ ತಮಿಳೇ ಬೇರೆ. ಕನ್ನಡದಲ್ಲೂ ಆಡುವುದಕ್ಕೂ ಬರೆಯುವುದಕ್ಕೂ ವ್ಯತ್ಯಾಸ ಇದೆ, ಆದರೆ ಅಲ್ಲಿ ಅಂತರ ಜಾಸ್ತಿ. ಆಡುಮಾತಿನಲ್ಲಿ ಬರೆದರೆ ಪ್ರೀತಿ ಇರುತ್ತದೆ, ಗೌರವ ಚಪ್ಪಲಿಯ ಜೊತೆ ಹೊರಗೇ ಉಳಿಯುತ್ತದೆ. ಇನ್ನು ಬೀಗರ ಹೆಸರಿನ ಮುಂದೆ ನಮ್ಮ "ಅವರು" ಇದ್ದ ಜಾಗಕ್ಕೆ ನಾನು "ಅವರ್" ಹಾಕಿದ್ದೆ. ಪತ್ರಿಕೆಯಲ್ಲಿ ಹಿರಿಯರಿಗೆ "ಅವರ್ಗಳ್" ಎನ್ನಬೇಕಂತೆ. ಒಬ್ಬರೇ ಇದ್ದರೂ ಸರಿಯೇ. "ಗಳ್" ಬಿಟ್ಟರೆ ಪೇಟಕ್ಕೆ ಜರಿ ಇಲ್ಲದ ಹಾಗೆ.

ಪಾಟಿ ಪೆನ್ನು ತೆಗೆದುಕೊಂಡು ಹೊಸದಾಗಿಯೇ ಬರೆದುಕೊಟ್ಟರು. ನನ್ನ ಒಂಬತ್ತು ಸಾಲು ಹದಿಮೂರಾಯಿತು. ನಮ್ಮ "ಸುಖಾಗಮನ ಬಯಸುವ" ಇರುವ ಜಾಗದಲ್ಲಿ ಅವರದೇ "ತಂಗಳ್ ನಲ್ವರವೈ ವಿರುಂಬುಂ" ಕೂತಿತು. ಆ ಒಂದು ಸಾಲು ಮಾತ್ರ ಅವಳಿ ಮಕ್ಕಳ ಹಾಗೆ ಹೊಂದಿಕೊಂಡಿತು. ಹೊಸದನ್ನು ಕಳಿಸಿ, ಹಳೆಯದಕ್ಕೆ ಕ್ಷಮೆ ಕೇಳಿದೆ. ಅತ್ತೆಯವರು ಬೇಸರದ ಮುಖದ ಚಿತ್ರ ಹಾಕಿದರು. ಮಗನಿಗೆ ಹುಡುಗಿ ತಪ್ಪಿತಲ್ಲ!

ನಾನೊಬ್ಬನೇ ಹೀಗೆ ಎಂಬ ಕೊರಗು ಎರಡು ದಿನವೂ ಇರಲಿಲ್ಲ. ಅತ್ತ ಹುಡುಗ, ಪಾಪ, ನಮ್ಮವರಿಗೆಂದು ತಾನೇ ಕನ್ನಡದಲ್ಲಿ ಬರೆದು ನಮ್ಮ ಗುಂಪಿಗೆ ಹಾಕಿದ. ನನ್ನ ಹೆಸರಿನ ಮುಂದೆ ಭಕ್ತಿಯಿಂದ "ಅವರುಗಳು" ಎಂದಿದ್ದ. "ಶ್ರೀಯುತರ ಮಗಳನ್ನು" ಎನ್ನುವುದರ ಬದಲು "ಶ್ರೀ ಫಲಾನೆ ಅವರುಗಳ ಮಗಳನ್ನು" ಎಂದಾಗಿತ್ತು.

ನಮ್ಮಕ್ಕ ಫೋನ್ ಮಾಡಿದಳು. "ಏನೋ ಇದು, ಎಷ್ಟು ಜನ ಇದೀರೋ ನೀವು ಅಪ್ಪಂದಿರು?"

ಗೌರವ ಕಣೇ ಅದು ಎಂದೆ. ಪೂರ್ತಿ ಬಿಡಿಸಿ ಹೇಳಿದೆ. ಅದೇ ತಪ್ಪಾಯಿತು. ಒಂದು ನಿಮಿಷ ಸುಮ್ಮನಿದ್ದು, "ಅಂದ್ರೆ ಅವರಿಗೆ ನೀನು ಗಳು ಹಾಕಿದೀಯ, ನಿಮ್ಮ ಭಾವನಿಗೆ ಬರೀ ಅವರು?" ಎಂದಳು. ಕನ್ನಡದಲ್ಲಿ ಅಷ್ಟೇ ಕಣೇ ಎಂದರೂ ಒಪ್ಪಲಿಲ್ಲ. ಕೊನೆಗೆ ಕನ್ನಡದ್ದನ್ನೂ ತಿದ್ದಿದೆ. ಭಾವನ ಹೆಸರಿನ ಹಿಂದೆ "ಶ್ರೀಯುತ", ಕೊನೆಯಲ್ಲಿ "ಸಂಸಾರ ಸಮೇತ" ತೆಗೆದು "ತಾವು ಸಕುಟುಂಬ ಸಮೇತರಾಗಿ ಆಗಮಿಸಿ" ಎಂದು ಹಾಕಿದೆ. ಅದೂ ಹನ್ನೆರಡು ಸಾಲಾಯಿತು. ಮಗಳು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, "ಒಂದು ಸಾಲು ಅವರಿಗೇ ಜಾಸ್ತಿ" ಎಂದಳು. ಸುಮ್ನೆ ಇರು ಎಂದೆ.

ಬುಧವಾರ ಬಂತು. ತಟ್ಟೆ ಬದಲಾಯಿಸಿ ಆದಮೇಲೆ ಎಲ್ಲರೂ ಎಲೆ ಮುಂದೆ ಕೂತರು. ಆ ಸೋದರಮಾವ ಸಾಲಿನ ತುದಿಯಲ್ಲಿದ್ದರು. ನನ್ನನ್ನು ಕಂಡವರೇ ನಗುತ್ತಾ ಗಟ್ಟಿಯಾಗಿ, "ನಾನ್ ದಾನ್ ಅಂದ ಸಂಸಾರಂ ಇಲ್ಲಾದ ಮಾಮಾ!" ಎಂದರು. ಅವರ ಕಡೆಯವರೆಲ್ಲ ಹೋ ಎಂದು ನಕ್ಕರು.

ಹೋಳಿಗೆ ಬಡಿಸುತ್ತಿದ್ದ ಅಕ್ಕ ನನ್ನ ಕಿವಿಯ ಹತ್ತಿರ ಬಗ್ಗಿ, "ಏನಂದ್ರು?" ಎಂದಳು.

"ಸಂಸಾರ ಇಲ್ಲದ ಮಾವ ಅಂತೆ," ಎಂದೆ.

ಅಕ್ಕನ ಮುಖ ಸಣ್ಣಗಾಯಿತು. "ಅಯ್ಯೋ ಪಾಪ, ಹಿಂದೆಮುಂದೆ ಯಾರೂ ಇಲ್ವಾ?" ಎಂದವಳೇ, ಅವರು ಬೇಡ ಬೇಡ ಎಂದು ಎರಡೂ ಕೈ ಅಡ್ಡ ಹಿಡಿದರೂ ಬಿಡದೆ, ಎಲೆಗೆ ಇನ್ನೆರಡು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದಳು.