ರೂಪಾಯಿ ಬಿದ್ದರೆ ಬೆಂಗಳೂರಿಗೆ ಲಾಭ ಅಂತೀರಾ?

ಡಾಲರ್ ಒಂದು ರೂಪಾಯಿ ಏರಿದರೆ ಸಾಕು, ಬೆಂಗಳೂರಿನಿಂದ ಮುಂಬೈಗೆ ಮೆಸೇಜು ಬಂದೇ ಬರುತ್ತದೆ: ‘ನಮ್ಮ ಐಟಿ ಷೇರೆಲ್ಲ ಮೇಲೆ ಹೋಯ್ತು ಕಣ್ರೀ!’ ಚೆಂಬೂರಿನ ಪಕ್ಕ ಮಾಹುಲ್‌ನಲ್ಲಿ ತೈಲ ಸಂಸ್ಕರಣಾಗಾರಗಳ ಚಿಮಣಿ ನೋಡುತ್ತಾ ಬದುಕುವ ಕನ್ನಡಿಗನಿಗೆ ಆ ಖುಷಿ ಸ್ವಲ್ಪ ಚುಚ್ಚುತ್ತದೆ. ಇಲ್ಲಿ ಅದೇ ದಿನ ಕೇಳುವ ಪ್ರಶ್ನೆ ಬೇರೆ: ಮುಂದಿನ ತಿಂಗಳು ಕಟ್ಟಬೇಕಾದ ಬಿಲ್ಲಿನಲ್ಲಿ ಎಷ್ಟು ಭಾಗಕ್ಕೆ ಡಾಲರ್ ರೇಟನ್ನು ಮೊದಲೇ ನಿಗದಿ ಮಾಡಿ ಕವರ್ ಮಾಡಿಕೊಂಡಿದ್ದೀರಿ?

ಮೊದಲು ಸಾಫ್ಟ್‌ವೇರ್ ಕಂಪನಿಯ ಲೆಕ್ಕ ನೋಡೋಣ. ಅದು 100 ಡಾಲರ್ ಗಳಿಸುತ್ತದೆ ಅಂದುಕೊಳ್ಳಿ. ಅದರಲ್ಲಿ 50 ಡಾಲರ್ ಅಮೆರಿಕದಲ್ಲೇ ಸಂಬಳ, ಉಪಗುತ್ತಿಗೆ ಅಂತ ಡಾಲರಿನಲ್ಲೇ ಹೋಗುತ್ತದೆ. ಇಲ್ಲಿನ ಸಂಬಳ, ಬಾಡಿಗೆ, ಕರೆಂಟು ಸೇರಿ 2400 ರೂಪಾಯಿ. ಡಾಲರಿಗೆ 80 ಇದ್ದಾಗ ಆದಾಯ 8000, ಖರ್ಚು 6400, ಉಳಿಯುವುದು 1600. ಡಾಲರ್ 84 ಆದರೆ ಆದಾಯ 8400 ಆಗುತ್ತದೆ, ಅಮೆರಿಕದ ಖರ್ಚು 4200ಕ್ಕೆ ಏರುತ್ತದೆ, ಊರಿನ ಖರ್ಚು ಮಾತ್ರ ಅಲ್ಲೇ ಇರುತ್ತದೆ. ಉಳಿಕೆ 1800. ಡಾಲರ್ ಶೇ. 5 ಏರಿದ್ದಕ್ಕೆ ಲಾಭ ಶೇ. 12.5 ಏರಿತು. ಯಾರೂ ಒಂದು ಸಾಲು ಕೋಡ್ ಹೆಚ್ಚು ಬರೆದಿಲ್ಲ, ಗಮನಿಸಿ.

ಈಗ ಅದೇ ಬೆಂಗಳೂರಿನ ಪೀಣ್ಯಕ್ಕೆ ಬನ್ನಿ. ಹೊರಗಿನಿಂದ ಚಿಪ್ಪು, ಸರ್ಕ್ಯೂಟ್ ಬೋರ್ಡು ತರಿಸಿ ಯಂತ್ರದ ಕಂಟ್ರೋಲರ್ ಕಟ್ಟುವ ಒಂದು ಘಟಕ. ಮಾರುವ ಬೆಲೆ 10,000 ರೂಪಾಯಿ. ಬಿಡಿಭಾಗಕ್ಕೆ 60 ಡಾಲರ್, ಅಂದರೆ 4800; ಉಳಿದ ಖರ್ಚು 4400; ಲಾಭ 800. ಡಾಲರ್ 84 ಆದರೆ ಬಿಡಿಭಾಗ 5040, ಲಾಭ 560. ಹತ್ತರಲ್ಲಿ ಮೂರು ಪಾಲು ಹೋಯಿತು! ಕಸ್ಟಮ್ಸ್ ಸುಂಕವನ್ನು ರೂಪಾಯಿ ಮೌಲ್ಯದ ಮೇಲೇ ಹಾಕುವುದರಿಂದ ಅದೂ ಜೊತೆಗೆ ಏರುತ್ತದೆ. ಬೆಲೆ ಏರಿಸೋಣ ಅಂದರೆ ಗಿರಾಕಿ ಮೂರು ತಿಂಗಳ ಹಿಂದಿನ ದರಪಟ್ಟಿ ಹಿಡಿದು ಕೂತಿರುತ್ತಾನೆ.

ಇಂಥಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಒಂದೇ. ಸಾಲದ ಮೇಲೆ ಮಾಲು ತರಿಸುತ್ತಾರೆ, ಹಣ ಕಟ್ಟುವುದು 90 ದಿನ ಬಿಟ್ಟು. ಮಾಲು ಬಂದ ದಿನದ ರೇಟು ಹಿಡಿದು ಬೆಲೆ ನಿಗದಿ ಮಾಡಿ, ‘ರೂಪಾಯಿ ಸುಧಾರಿಸುತ್ತೆ ಬಿಡಿ’ ಅಂತ ಕವರ್ ಮಾಡದೆ ಕಾಯುತ್ತಾರೆ. ಬ್ಯಾಂಕಿನಲ್ಲಿ ಫಾರ್ವರ್ಡ್ ಕರಾರು ಮಾಡಿಕೊಂಡರೆ ರೇಟು ಅಂದೇ ನಿಗದಿಯಾಗುತ್ತದೆ. ಆದರೆ ನಮ್ಮ ಬಡ್ಡಿದರ ಅಮೆರಿಕದ್ದಕ್ಕಿಂತ ಹೆಚ್ಚಿದ್ದಷ್ಟು ದಿನ ಮುಂದಿನ ತಿಂಗಳುಗಳ ಡಾಲರ್ ಇವತ್ತಿನದಕ್ಕಿಂತ ದುಬಾರಿ. ಕೊಳ್ಳುವ ಪೀಣ್ಯದವರು ಆ ಪ್ರೀಮಿಯಂ ತೆರಬೇಕು. ಡಾಲರ್ ಮುಂಗಡ ಮಾರುವ ಐಟಿಯವರಿಗೆ ಅದೇ ಪ್ರೀಮಿಯಂ ಕೈಗೆ ಬರುತ್ತದೆ. ನನಗೆ ಅತಿ ಅನ್ಯಾಯ ಅನಿಸುವುದು ಇದೇ.

ತೈಲದ ಮಾತು ಇನ್ನೂ ಕಠಿಣ. ಒಂದು ಬ್ಯಾರೆಲ್ ಅಂದರೆ 159 ಲೀಟರ್. ಬ್ಯಾರೆಲಿಗೆ 70 ಡಾಲರ್ ಇದ್ದರೆ, ಡಾಲರ್ 80ರಿಂದ 84ಕ್ಕೆ ಹೋದಾಗ ಕಚ್ಚಾ ತೈಲ ಲೀಟರಿಗೆ ಸುಮಾರು ಒಂದೂಮುಕ್ಕಾಲು ರೂಪಾಯಿ ಏರುತ್ತದೆ. ಬಂಕಿನ ಬೆಲೆ ಏರದಿದ್ದರೆ ಅಷ್ಟನ್ನೂ ಮಾರುವ ಕಂಪನಿಯೇ ನುಂಗಬೇಕು. 2022ರ ಏಪ್ರಿಲ್ ಮೊದಲ ವಾರದಿಂದ ಪೆಟ್ರೋಲ್, ಡೀಸೆಲ್ ಬೆಲೆ ಏರಿಸುವುದನ್ನು ಸರ್ಕಾರಿ ತೈಲ ಕಂಪನಿಗಳು ನಿಲ್ಲಿಸಿದವು. ಆ ಏಪ್ರಿಲ್-ಜೂನ್ ತ್ರೈಮಾಸಿಕದಲ್ಲಿ ಡಾಲರ್ 76ರ ಆಸುಪಾಸಿನಿಂದ 79ಕ್ಕೆ ಹೋಯಿತು, ಕಚ್ಚಾ ತೈಲ ನೂರು ಡಾಲರ್ ದಾಟಿತ್ತು. ಆ ಕಂಪನಿಗಳಲ್ಲಿ ಎಚ್‌ಪಿಸಿಎಲ್ ಒಂದೇ 10,000 ಕೋಟಿಗೂ ಮೀರಿ ನಷ್ಟ ತೋರಿಸಿತು. ದೊಡ್ಡ ಪೆಟ್ಟು ಕಚ್ಚಾ ತೈಲದ್ದೇ, ಆದರೆ ರೂಪಾಯಿ ಅದರ ಮೇಲೆ ಬರೆ ಎಳೆಯಿತು.

ಹಾಗಂತ ಐಟಿಯ ಲಾಭವೂ ಪೂರ್ತಿ ಗಟ್ಟಿಯಲ್ಲ, ಒಪ್ಪಲೇಬೇಕು. 80ರ ರೇಟಿಗೆ ಮೊದಲೇ ಡಾಲರ್ ಮಾರಿಟ್ಟಿದ್ದರೆ 84ರ ಸುಖ ಆ ಕರಾರು ಮುಗಿದ ಮೇಲೇ. 2022ರಲ್ಲಿ ಡಾಲರ್ ಪೌಂಡು, ಯೂರೋಗಳನ್ನೂ ಕೆಳಗೆ ತಳ್ಳಿದ್ದರಿಂದ ಯುರೋಪಿನ ಗಿರಾಕಿಗಳಿಂದ ಬರುವ ಆದಾಯ ಡಾಲರಿನಲ್ಲಿ ಕುಗ್ಗಿತು. ಗಿರಾಕಿಗಳೂ ಲೆಕ್ಕ ಬಲ್ಲವರು, ಒಪ್ಪಂದ ನವೀಕರಿಸುವಾಗ ರಿಯಾಯಿತಿ ಕೇಳಿಯೇ ಕೇಳುತ್ತಾರೆ. ಫಲಿತಾಂಶ ಓದುವವರು ‘ಕಾನ್‌ಸ್ಟಂಟ್ ಕರೆನ್ಸಿ’ ಬೆಳವಣಿಗೆ, ಅಂದರೆ ವಿನಿಮಯ ದರ ಬದಲಾಗಿಲ್ಲ ಅಂತ ಇಟ್ಟುಕೊಂಡು ಲೆಕ್ಕ ಹಾಕಿದ ಬೆಳವಣಿಗೆ ನೋಡಬೇಕು. ಅಲ್ಲಿ ಶೇ. 1, ರೂಪಾಯಿ ಲೆಕ್ಕದಲ್ಲಿ ಶೇ. 6 ಅಂತಿದ್ದರೆ ಬೆಳೆದದ್ದು ಹೆಚ್ಚಾಗಿ ಡಾಲರ್ ರೇಟು.

ಇತ್ತ ತೈಲದವರೆಲ್ಲ ಸೋತವರೂ ಅಲ್ಲ. ನಮ್ಮ ಮಂಗಳೂರಿನ ಎಂಆರ್‌ಪಿಎಲ್‌ನಂಥ ಸಂಸ್ಕರಣಾಗಾರ ಕಚ್ಚಾ ತೈಲ ಕೊಳ್ಳುವುದೂ ಡಾಲರ್ ಲೆಕ್ಕದಲ್ಲಿ, ಉತ್ಪನ್ನ ಮಾರುವ ದರವೂ ಬಹುಪಾಲು ಅಂತರರಾಷ್ಟ್ರೀಯ ಡಾಲರ್ ಬೆಲೆಗೆ ಕಟ್ಟಿದ್ದು. ಮಧ್ಯದ ಮಾರ್ಜಿನ್ ಡಾಲರಿನಲ್ಲೇ ಇರುವುದರಿಂದ ರೂಪಾಯಿ ಇಳಿದರೆ ಅದು ಹಿಗ್ಗುತ್ತದೆ. ಪೆಟ್ಟು ಬೀಳುವುದು ಬಾಕಿ ಇರುವ ತೈಲದ ಬಿಲ್ಲು ಮತ್ತು ಡಾಲರ್ ಸಾಲವನ್ನು ತ್ರೈಮಾಸಿಕದ ಕೊನೆಯ ದಿನದ ರೇಟಿಗೆ ಮತ್ತೆ ಬರೆದಾಗ.

ಇನ್ನೊಂದನ್ನೂ ಮುಂಬೈಯಲ್ಲಿ ಕೂತು ನಿರಾಕರಿಸಲಾಗದು. ಮಾಹುಲ್‌ಗೆ ಬರುವ ಕಚ್ಚಾ ತೈಲಕ್ಕೆ ದೇಶ ಡಾಲರ್ ಕೊಡುತ್ತದಲ್ಲ, ಅದರಲ್ಲಿ ದೊಡ್ಡ ಪಾಲು ಸಾಫ್ಟ್‌ವೇರ್ ಸೇವೆಗಳು ಗಳಿಸಿ ತಂದದ್ದು. ವೈಟ್‌ಫೀಲ್ಡಿನ ಆ ಡಾಲರ್ ಇಲ್ಲದಿದ್ದರೆ ರೂಪಾಯಿ ಇನ್ನೂ ಕೆಳಗಿರುತ್ತಿತ್ತು, ಪೀಣ್ಯದವರ ಬಿಲ್ಲು ಇನ್ನೂ ಮೇಲೆ.